ಗೆದ್ದದ್ದು 5 ಸಾವಿರ, ಟಿಡಿಎಸ್ 9 ಸಾವಿರ

"ಸಾರ್, ಕೈಯಿಂದ 4 ಸಾವಿರ ಹೋಗಿದೆ. ಗೆದ್ದಿದ್ದೀಯ, ತೆರಿಗೆ ಕಟ್ಟು ಅಂತೀರಲ್ಲ?"

ಮೊನ್ನೆ ರಿಟರ್ನ್ ಹಾಕಿಸಲು ಬಂದ ಹುಡುಗ ಕೇಳಿದ ಪ್ರಶ್ನೆ ಇದು. ಖಾಸಗಿ ಕಂಪನಿಯಲ್ಲಿ ಕೆಲಸ, ವರ್ಷಕ್ಕೆ 7.2 ಲಕ್ಷ ಸಂಬಳ. ಕಳೆದ ವರ್ಷ ಫೋನಿನಲ್ಲಿ ದುಡ್ಡು ಕಟ್ಟಿ ರಮ್ಮಿ ಆಡುತ್ತಿದ್ದ. 2025ರ ಆಗಸ್ಟ್‌ನಲ್ಲಿ ಹಣದ ಆಟಗಳನ್ನು ನಿಷೇಧಿಸುವ ಕಾನೂನು ಬಂತು, ಆ್ಯಪ್ ಆಟ ನಿಲ್ಲಿಸಿತು. ಇವನೂ ಮರೆತುಬಿಟ್ಟಿದ್ದ. ಆದರೆ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಆಡಿದ್ದರ ಲೆಕ್ಕ 2025-26ರ ರಿಟರ್ನ್‌ನಲ್ಲಿ ಬರಲೇಬೇಕು. ಆಟ ನಿಷೇಧವಾಯಿತು ಎಂದ ಮಾತ್ರಕ್ಕೆ ಅದಕ್ಕೂ ಮೊದಲು ಬಂದ ಆದಾಯದ ತೆರಿಗೆ ಮನ್ನಾ ಆಗುವುದಿಲ್ಲ.

ಅವನ ಲೆಕ್ಕ ನೋಡೋಣ. ಏಪ್ರಿಲ್‌ನಲ್ಲಿ ವ್ಯಾಲೆಟ್‌ಗೆ 20,000 ಹಾಕಿದ. ಅದೃಷ್ಟ ಕುದುರಿತು. ಜೂನ್‌ನಲ್ಲಿ 50,000 ಹೊರತೆಗೆದ. ಆ್ಯಪ್ ಕಂಪನಿ ತೆರಿಗೆಗೆಂದು 9,000 ಟಿಡಿಎಸ್ ಹಿಡಿದು 41,000 ಬ್ಯಾಂಕಿಗೆ ಕಳಿಸಿತು. ಜುಲೈನಲ್ಲಿ ಮತ್ತೆ 25,000 ಹಾಕಿ ಅಷ್ಟನ್ನೂ ಸೋತ. ಹಾಕಿದ್ದು 45,000, ಬ್ಯಾಂಕಿಗೆ ಬಂದದ್ದು 41,000. ಪಾಸ್‌ಬುಕ್ ನೋಡಿದರೆ ಅವನು ಹೇಳುವುದು ನಿಜ, 4,000 ನಷ್ಟ.

ಆದರೆ ತೆರಿಗೆಯ ಲೆಕ್ಕ ಪಾಸ್‌ಬುಕ್ಕಿನದಲ್ಲ, ವ್ಯಾಲೆಟ್ಟಿನದು. ವರ್ಷದಲ್ಲಿ ವ್ಯಾಲೆಟ್‌ನಿಂದ ಹೊರಬಂದ ಹಣಕ್ಕೆ ಮಾರ್ಚ್ 31ರಂದು ಉಳಿದ ಬ್ಯಾಲೆನ್ಸ್ ಕೂಡಿಸಬೇಕು. ಅದರಿಂದ ನೀವು ಸ್ವಂತ ಜೇಬಿನಿಂದ ಹಾಕಿದ ಹಣವನ್ನೂ ಏಪ್ರಿಲ್ 1ರಂದು ಇದ್ದ ಬ್ಯಾಲೆನ್ಸನ್ನೂ ಕಳೆಯಬೇಕು. ಉಳಿದದ್ದೇ ನಿವ್ವಳ ಗೆಲುವು. ಆದಾಯ ತೆರಿಗೆ ನಿಯಮ 133ರಲ್ಲಿ ಈ ಸೂತ್ರವಿದೆ. ಇವನಿಗೆ ವರ್ಷದ ಎರಡೂ ತುದಿಯಲ್ಲಿ ಬ್ಯಾಲೆನ್ಸ್ ಸೊನ್ನೆ. ಹಾಗಾಗಿ 50,000ದಲ್ಲಿ 45,000 ಕಳೆದರೆ 5,000. ವ್ಯಾಲೆಟ್‌ನಿಂದ ಹೊರಟದ್ದು 50,000ವೇ. ಅದರಲ್ಲಿ 9,000 ಇವನ ಹೆಸರಿನಲ್ಲಿ ಸರ್ಕಾರಕ್ಕೆ ಹೋಯಿತು ಅಷ್ಟೆ.

ಹಾಗಾದರೆ 5,000 ಗೆಲುವಿಗೆ 9,000 ಹಿಡಿದದ್ದು ಕಂಪನಿಯ ತಪ್ಪಾ? ಅಲ್ಲ. ಜೂನ್‌ನಲ್ಲಿ ನಿಂತು ನೋಡಿ. ಆಗ ಹಾಕಿದ್ದು 20,000 ಮಾತ್ರ, ತೆಗೆದದ್ದು 50,000. ಆ ಹೊತ್ತಿನ ಗೆಲುವು 30,000, ಅದರ ಶೇಕಡಾ 30 ಅಂದರೆ 9,000. ಜುಲೈನಲ್ಲಿ ಇವನು ಸೋಲುತ್ತಾನೆ ಅಂತ ಕಂಪನಿಗೆ ಹೇಗೆ ಗೊತ್ತು? ಜೂನ್‌ನಲ್ಲಿ ಹಿಡಿದದ್ದನ್ನು ಜುಲೈ 7ರೊಳಗೆ ಸರ್ಕಾರಕ್ಕೆ ಕಟ್ಟಲೂಬೇಕು. ಜಾಸ್ತಿ ಹೋದದ್ದು ವಾಪಸ್ ಬರುವ ದಾರಿ ರಿಟರ್ನ್ ಒಂದೇ.

ಇವನ ನಿಜವಾದ ತೆರಿಗೆ 5,000ಕ್ಕೆ ಶೇಕಡಾ 30, ಅಂದರೆ 1,500. ಅದರ ಮೇಲೆ ಶೇಕಡಾ 4 ಸೆಸ್ 60 ರೂಪಾಯಿ. ಒಟ್ಟು 1,560. ಹಿಡಿದದ್ದು 9,000. ವಾಪಸ್ ಬರಬೇಕಾದದ್ದು 7,440. ಸುಮ್ನೆ ಬಿಟ್ಟಿದ್ದರೆ ಅಷ್ಟೂ ಸರ್ಕಾರದ ಬಳಿಯೇ ಉಳಿಯುತ್ತಿತ್ತು. ಸೆಸ್ ಬಗ್ಗೆ ಒಂದು ಮಾತು. ಟಿಡಿಎಸ್ ಹಿಡಿಯುವಾಗ ಸೆಸ್ ಸೇರಿಸುವುದಿಲ್ಲ. ಹಾಗಾಗಿ ಗೆದ್ದ ಮೇಲೆ ಸೋಲದೆ ಸುಮ್ಮನಿದ್ದವರು ರಿಟರ್ನ್ ಹಾಕುವಾಗ ಇನ್ನೊಂದಿಷ್ಟು ಕಟ್ಟಬೇಕಾಗುತ್ತದೆ. "ಟಿಡಿಎಸ್ ಹೋಗಿದೆಯಲ್ಲ, ಮುಗೀತು" ಎನ್ನುವವರಿಗೆ ನಾನು ಹೇಳುವುದು ಇದನ್ನೇ.

ಹುಡುಗನ ಮುಂದಿನ ಪ್ರಶ್ನೆ ಇನ್ನೂ ಚುರುಕಾಗಿತ್ತು. "12 ಲಕ್ಷದವರೆಗೆ ತೆರಿಗೆ ಇಲ್ಲ ಅಲ್ವಾ ಸಾರ್? ಆ 1,560 ಯಾಕೆ?" ಸಂಬಳಕ್ಕೆ ಅದು ಸರಿ. ಹೊಸ ಪದ್ಧತಿಯಲ್ಲಿ ಅವನ ಸಂಬಳದ ಮೇಲಿನ ತೆರಿಗೆ ರಿಬೇಟ್‌ನಿಂದ ಸೊನ್ನೆಯಾಗುತ್ತದೆ. ಆದರೆ ಆಟದ ಗೆಲುವಿಗೆ ಪ್ರತ್ಯೇಕ ದರವಿದೆ. ಹೊಸ ಪದ್ಧತಿಯ ರಿಬೇಟ್ ಈ ದರದ ತೆರಿಗೆಯನ್ನು ಮುಟ್ಟುವುದಿಲ್ಲ. ಇಂಟರ್ನೆಟ್ ಖರ್ಚು ಕಳೆಯುವಂತಿಲ್ಲ, ಎಲ್‌ಐಸಿ ಕಂತನ್ನೂ ತೋರಿಸುವಂತಿಲ್ಲ. ಇನ್ನೊಂದು ಕ್ರಿಕೆಟ್ ಆ್ಯಪ್‌ನಲ್ಲಿ ಅವನು 12,000 ಸೋತಿದ್ದ. ಅದನ್ನು ಇಲ್ಲಿ ಕಳೆದುಕೊಳ್ಳಬಹುದೇ ಎಂದು ಕೇಳಿದ. ಒಂದು ಕಂಪನಿಯ ವ್ಯಾಲೆಟ್ಟಿನ ಸೋಲು ಇನ್ನೊಂದರ ಲೆಕ್ಕಕ್ಕೆ ಬರುವುದಿಲ್ಲ. ಮುಂದಿನ ವರ್ಷಕ್ಕೂ ಒಯ್ಯಲಾಗುವುದಿಲ್ಲ.

ಲೆಕ್ಕದಲ್ಲಿ ಎಡವಟ್ಟಾಗುವ ಇನ್ನೊಂದು ಜಾಗ ಬೋನಸ್. ಅವನು ಬರೆದುಕೊಂಡು ಬಂದಿದ್ದ ಚೀಟಿಯಲ್ಲಿ ಹಾಕಿದ ಹಣ 46,000 ಅಂತ ಇತ್ತು. ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಅದರಲ್ಲಿ 1,000 ಆ್ಯಪ್ ಕೊಟ್ಟ ಬೋನಸ್. ಸ್ನೇಹಿತನನ್ನು ಸೇರಿಸಿದ್ದಕ್ಕೆ ಬಂದದ್ದು. ಅದು ಜೇಬಿನಿಂದ ಹೋದ ಹಣವಲ್ಲ, ಕಳೆಯುವ ಹಾಗಿಲ್ಲ. ಕಳೆದಿದ್ದರೆ ಗೆಲುವು 4,000 ಎಂದು ತಪ್ಪಾಗಿ ತೋರಿಸಿದಂತಾಗುತ್ತಿತ್ತು.

ರಿಟರ್ನ್‌ಗೆ ಬಂದರೆ, ಸಂಬಳದಾರರು ಸಾಮಾನ್ಯವಾಗಿ ಹಾಕುವ ಐಟಿಆರ್-1 ಇಲ್ಲಿ ನಡೆಯುವುದಿಲ್ಲ. ಐಟಿಆರ್-2 ಬೇಕು. ಅದರಲ್ಲಿ ಇತರ ಮೂಲಗಳ ಆದಾಯದ ಪಟ್ಟಿಯಲ್ಲಿ 115BBJ ಎಂಬ ಸಾಲಿದೆ, 5,000 ಅಲ್ಲಿ ಹೋಗಬೇಕು. ಗೆಲುವು ಯಾವ ಅವಧಿಯಲ್ಲಿ ಬಂತು ಎಂದೂ ಫಾರ್ಮ್ ಕೇಳುತ್ತದೆ. ಟಿಡಿಎಸ್ ಪಟ್ಟಿಯಲ್ಲಿ ಪೂರ್ತಿ 9,000 ಕೇಳಿಕೊಳ್ಳಬೇಕು. ಅವನ ಹೆಸರಿನಲ್ಲಿ ಹಿಡಿದ ತೆರಿಗೆಯನ್ನೆಲ್ಲ ಇಲಾಖೆ ಪಟ್ಟಿ ಮಾಡುವ 26ಎಎಸ್‌ನಲ್ಲಿ 194BA ಎಂಬ ಸೆಕ್ಷನ್ ಎದುರು 30,000 ಮತ್ತು 9,000 ಕಾಣುತ್ತದೆ. ನಾವು ತೋರಿಸುವುದು 5,000. ಈ ಅಂತರಕ್ಕೆ ಇಲಾಖೆ ವಿವರಣೆ ಕೇಳಬಹುದು. ಆಗ ಉತ್ತರ ಕೊಡುವುದು ವ್ಯಾಲೆಟ್ಟಿನ ಸ್ಟೇಟ್‌ಮೆಂಟ್.

ಲಾಟರಿ ಮತ್ತು ಟಿವಿ ಕ್ವಿಜ್ ಬಹುಮಾನಕ್ಕೆ ಈ ನಿವ್ವಳದ ಸೌಲಭ್ಯವೂ ಇಲ್ಲ. ಕರ್ನಾಟಕದಲ್ಲಿ 2007ರಿಂದ ಲಾಟರಿ ಇಲ್ಲ. ಆದರೂ ಕೇರಳಕ್ಕೆ ಹೋದಾಗ ಟಿಕೆಟ್ ಕೊಳ್ಳುವವರು ನನ್ನ ಗ್ರಾಹಕರಲ್ಲೇ ಇದ್ದಾರೆ. ಹತ್ತು ಟಿಕೆಟ್ ಕೊಂಡು ಒಂದಕ್ಕೆ ಬಹುಮಾನ ಬಂದರೂ ಉಳಿದ ಒಂಬತ್ತರ ದುಡ್ಡು ಕಳೆಯುವಂತಿಲ್ಲ. ಇಡೀ ಬಹುಮಾನಕ್ಕೆ ಅದೇ ಶೇಕಡಾ 30 ಮತ್ತು ಸೆಸ್. 2025ರ ಏಪ್ರಿಲ್‌ನಿಂದ ಒಂದು ಬಹುಮಾನ 10,000 ದಾಟಿದರೆ ಮಾತ್ರ ಟಿಡಿಎಸ್. ಇಲ್ಲೇ ಜನ ಎಡವುವುದು. 8,000 ಬಂತು, ಏನೂ ಹಿಡಿಯಲಿಲ್ಲ, ಹಾಗಾಗಿ ತೆರಿಗೆ ಇಲ್ಲ ಎಂದುಕೊಳ್ಳುತ್ತಾರೆ. ಹಿಡಿಯದಿದ್ದರೂ ರಿಟರ್ನ್‌ನಲ್ಲಿ ತೋರಿಸಿ ಕಟ್ಟಬೇಕಾದ ಆದಾಯ ಅದು.

ಬಹುಮಾನ ವಸ್ತುವಾಗಿದ್ದರೆ ಬೇರೆ ಪೇಚು. 90,000 ರೂಪಾಯಿಯ ಸ್ಕೂಟರ್ ಬಂತು ಅನ್ನಿ. ಸ್ಕೂಟರ್‌ನಿಂದ ಚಕ್ರ ಬಿಚ್ಚಿ ಟಿಡಿಎಸ್ ಹಿಡಿಯಲಾಗುತ್ತದೆಯೇ? ಅದಕ್ಕೇ ಕೀಲಿ ಕೊಡುವ ಮೊದಲು 27,000 ತೆರಿಗೆ ಕಟ್ಟಲಾಗಿದೆ ಎಂದು ಕೊಡುವವರು ಖಚಿತಪಡಿಸಿಕೊಳ್ಳಬೇಕು. ಹಾಗಾಗಿ ವಸ್ತುವಿನ ಬಹುಮಾನಕ್ಕೆ ಗೆದ್ದವರಿಂದ ಮೊದಲು ತೆರಿಗೆ ಕೇಳುವುದು ಸಹಜ. ನಗದು ಬಹುಮಾನಕ್ಕೆ ಹಾಗಿಲ್ಲ, ಅದರಲ್ಲೇ ಹಿಡಿದು ಉಳಿದದ್ದನ್ನು ಕೊಡುತ್ತಾರೆ. 25 ಲಕ್ಷ ನಗದು ಬಂದಿದೆ, ಮೊದಲು ಟ್ಯಾಕ್ಸ್ ಹಾಕಿ ಎಂದು ಫೋನ್ ಬಂದರೆ ಅದು ಮೋಸದ ಕರೆ.

ಮತ್ತೆ ನಮ್ಮ ಹುಡುಗನ ವಿಷಯ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, ಸೆಕ್ಷನ್ ನಂಬರುಗಳು ಬದಲಾಗಿವೆ. ಆದರೆ ಅವನದು ಅದಕ್ಕಿಂತ ಹಿಂದಿನ ವರ್ಷದ ಆದಾಯ, ಹಳೆಯ ಕಾಯ್ದೆಯದೇ ಲೆಕ್ಕ. ರಿಟರ್ನ್ ಹಾಕಿದ ಮೇಲೆ ಆ್ಯಪ್ ಅಳಿಸಲು ಹೊರಟಿದ್ದ. ತಡಿ ಎಂದೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಸ್ಟೇಟ್‌ಮೆಂಟ್ ಇಳಿಸಿ ಅವನ ಮೇಲ್‌ಗೊಂದು, ನನಗೊಂದು ಪ್ರತಿ ಕಳಿಸಿಸಿದೆ. ಟಿಡಿಎಸ್ ಸರ್ಟಿಫಿಕೇಟ್ ಫಾರ್ಮ್ 16ಎ ಕೂಡ ಅದರ ಜೊತೆಗೇ ಇಡಿಸಿದೆ. ಆಮೇಲೆ ಅಳಿಸಿದ.