ನರಿಯ ಹೆಸರೇ ಎತ್ತದ ಪುಸ್ತಕ

ಉಡುಪಿಯಲ್ಲಿ ಅಕ್ಕನ ಮಗಳಿಗೆ 'ರೋಸೀಸ್ ವಾಕ್' ಓದಿ ಹೇಳ್ತಾ ಇದ್ದೆ, ಪ್ಯಾಟ್ ಹಚಿನ್ಸ್ 1968ರಲ್ಲಿ ಮಾಡಿದ ಮಕ್ಕಳ ಚಿತ್ರಪುಸ್ತಕ. ರೋಸಿ ಅನ್ನುವ ಕೋಳಿ ವಾಕಿಂಗ್ ಹೊರಟು, ಅಂಗಳ ದಾಟಿ, ಕೆರೆ ಸುತ್ತಿ, ಊಟದ ಹೊತ್ತಿಗೆ ಮನೆಗೆ ಬರ್ತದೆ, ಇಂಗ್ಲಿಷಲ್ಲಿ ಒಟ್ಟು 32 ಪದ ಅಷ್ಟೆ. ಆದ್ರೆ ಚಿತ್ರದಲ್ಲಿ ಹಿಂದೆಯೇ ಒಂದು ನರಿ ಉಂಟು, ಅದರ ಬಗ್ಗೆ ಅಕ್ಷರದಲ್ಲಿ ಒಂದು ಮಾತೂ ಇಲ್ಲ. ನಾನು ದೊಡ್ಡ ಬುದ್ಧಿವಂತನ ಹಾಗೆ "ನೋಡು ನೋಡು, ನರಿ ಬಂತು" ಅಂದೆ. "ಮಾಮ, ನೀನು ಹೇಳ್ಬೇಡ!" ಅಂತ ಬೈಸಿಕೊಂಡೆ. ಅವಳು ಹೇಳಿದ್ದೇ ಸರಿ ಮಾರಾಯ್ರೆ.

ಮಕ್ಕಳ ಚಿತ್ರಪುಸ್ತಕ ಮೊದಲು ಹೀಗಿರಲಿಲ್ಲ. 1658ರಲ್ಲಿ ಕೊಮೆನಿಯಸ್ ಅನ್ನುವವರು ಮಾಡಿದ ಮಕ್ಕಳ ಸಚಿತ್ರ ಪಾಠಪುಸ್ತಕದಲ್ಲಿ ಚಿತ್ರದ ಒಂದೊಂದು ವಸ್ತುವಿಗೂ ನಂಬರ್ ಹಾಕಿ, ಅದೇ ನಂಬರಿನ ಪಕ್ಕ ಪದ ಬರೆದಿದ್ರು. ಪದ ಹೇಳಿದ್ದನ್ನೇ ಚಿತ್ರ ತೋರಿಸ್ಬೇಕು, ಬೇರೆ ಕೆಲಸ ಇಲ್ಲ. ಅದನ್ನು ಚೆನ್ನಾಗಿ ತಿರುಗಿಸಿದ್ದು ಇಂಗ್ಲೆಂಡಿನ ರಾಂಡಾಲ್ಫ್ ಕಾಲ್ಡೆಕಾಟ್. 1882ರಲ್ಲಿ ಅವರು 'ಹೇ ಡಿಡಲ್ ಡಿಡಲ್' ಪದ್ಯಕ್ಕೆ ಚಿತ್ರ ಬರೆದ್ರು. ಪದ್ಯ ಮುಗಿಯೋದು ತಟ್ಟೆ ಚಮಚದ ಜೊತೆ ಓಡಿಹೋಯ್ತು ಅನ್ನುವಲ್ಲಿ. ಕಾಲ್ಡೆಕಾಟ್ ಅಲ್ಲಿಗೆ ಬಿಡ್ಲಿಲ್ಲ, ಆಮೇಲೆ ಮಾತಿಲ್ಲದ ಇನ್ನೊಂದು ಚಿತ್ರ ಹಾಕಿದ್ರು: ತಟ್ಟೆ ಚೂರುಚೂರಾಗಿ ಬಿದ್ದಿದೆ, ಚಮಚವನ್ನು ಫೋರ್ಕೂ ಚಾಕುವೂ ಎಳ್ಕೊಂಡು ಹೋಗ್ತಾ ಇದ್ದಾವೆ, ನೋಡಿದ್ರೆ ಅಪ್ಪ ಅಮ್ಮನೇ ಇರ್ಬೇಕು. ಪದ್ಯ ತಮಾಷೆಯದ್ದು, ಚಿತ್ರ ಸೇರಿದ ಮೇಲೆ ಅದು ದುರಂತ!

ಹಾಗಾಗಿ ಇಂಥ ಪುಸ್ತಕ ಸಿಕ್ಕಿದ್ರೆ ನಾನು ಮೊದಲು ಅಕ್ಷರಕ್ಕೆ ಕೈ ಅಡ್ಡ ಹಿಡಿದು ಬರೀ ಚಿತ್ರ ನೋಡ್ತೇನೆ, ಆಮೇಲೆ ಬರೀ ಅಕ್ಷರ ಓದ್ತೇನೆ. ಎರಡರಲ್ಲೂ ಒಂದೇ ಕಥೆ ಸಿಕ್ಕಿದ್ರೆ ಒಂದು ದಂಡ ಅಂತ ಲೆಕ್ಕ. ಮೂರನೇದಾಗಿ ಪುಟ ಎಲ್ಲಿ ತಿರುಗ್ತದೆ ಅಂತ ನೋಡ್ಬೇಕು, ಯಾಕಂದ್ರೆ ರೋಸಿಯ ಕಥೆಯ ಜೀವ ಇರೋದೇ ಅಲ್ಲಿ. 'ಅಂಗಳ ದಾಟಿ' ಅನ್ನುವ ಪುಟದಲ್ಲಿ ನರಿ ಹಾರ್ತದೆ, ಅದರ ಮುಂದೆ ನೆಲದಲ್ಲಿ ಕಸ ಎಳೆಯುವ ಹಲ್ಲುಗೋಲು ಬಿದ್ದುಕೊಂಡಿದೆ. ಪುಟ ತಿರುಗಿಸಿದ್ರೆ ಅಕ್ಷರವೇ ಇಲ್ಲ, ಹಲ್ಲುಗೋಲಿನ ಹಿಡಿ ಎದ್ದು ನರಿಯ ಮುಖಕ್ಕೇ ಬಡಿದಿದೆ. ಮುಂದಿನ ಸಲ ನರಿ ಕೆರೆಗೆ. ಹೀಗೇ ಒಂದು ಸಲ ಮಾತು, ಒಂದು ಸಲ ಮೌನ. ಎರಡು ಸಲ ಆದ್ಮೇಲೆ ಮಗುವೇ ಚಿತ್ರದಲ್ಲಿ ಮುಂದಿನ ಅಪಾಯ ಹುಡುಕ್ಲಿಕ್ಕೆ ಶುರು ಮಾಡ್ತದೆ.

ಕನ್ನಡದಲ್ಲಿ ಹೇಳುವಾಗ ಸಣ್ಣ ವಿಷಯಕ್ಕೇ ಇದು ಕೆಡ್ತದೆ. ನಾನು ಮೊದಲು 'ಅಂಗಳ ದಾಟಿದ್ಲು, ಕೆರೆ ಸುತ್ತಿದ್ಲು' ಅಂತ ಓದಿದ್ದೆ, ಪ್ರತಿ ಪುಟದಲ್ಲೂ ವಾಕ್ಯ ಮುಗೀತು, ಅಕ್ಕನ ಮಗಳ ಕೈ ಪುಟದ ಹತ್ರ ಹೋಗ್ಲೇ ಇಲ್ಲ. ಮೂಲದಲ್ಲಿ ಇಡೀ ಪುಸ್ತಕವೇ ಒಂದು ವಾಕ್ಯ. ಎರಡನೇ ಸಲ 'ದಾಟಿ...', 'ಸುತ್ತಿ...' ಅಂತ ಎಳೆದು ನಿಲ್ಲಿಸಿದೆ, ಕ್ರಿಯಾಪದ ಕೊನೆಗೆ ಬರುವ ನಮ್ಮ ಭಾಷೆಗೆ ಅದು ಹೇಳಿ ಮಾಡಿಸಿದ ಹಾಗೆ ಉಂಟು. ನಾನು 'ಸುತ್ತಿ' ಅನ್ನುವಷ್ಟರಲ್ಲಿ ಅವಳೇ ಪುಟ ತಿರುಗಿಸಿ ನರಿ ನೀರಿಗೆ ಬಿದ್ದದ್ದು ನೋಡಿ ನಗ್ತಾ ಇದ್ಲು, ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ.