‘ಞೇ’ ಎಂಬ ಒಂದಕ್ಷರ ಕನ್ನಡದಲ್ಲಿ ಎಲ್ಲಿ ಹೋಗಿ ಕೂರುತ್ತದೆ

ಹನೋಯ್‌ನ ಕಚೇರಿಯಲ್ಲಿ ಕಿರಿಯ ನೌಕರ ತನಗಿಂತ ಸ್ವಲ್ಪ ದೊಡ್ಡವಳಾದ ಸಹೋದ್ಯೋಗಿಗೆ ಫೋನಿನಲ್ಲಿ ಕಳಿಸುವ ವಿಯೆಟ್ನಾಮಿ ಸಂದೇಶ ಹೀಗಿರುತ್ತದೆ: ‘ಚಿ ಸೆಮ್ ಜುಪ್ ಎಮ್ ಞೇ. ಎಮ್ ಕಾಮ್ ಅನ್ ಚಿ ಆ.’ ಪದಕ್ಕೆ ಪದ ಜೋಡಿಸಿದರೆ ಸಿಗುವುದು ‘ಅಕ್ಕ, ನೋಡು, ಸಹಾಯ, ತಮ್ಮ, ಞೇ. ತಮ್ಮ, ಕೃತಜ್ಞತೆ, ಅಕ್ಕ, ಆ.’ ಈ ಎರಡು ವಾಕ್ಯಗಳ ಕೊನೆಗಿರುವ ‘ಞೇ’ ಮತ್ತು ‘ಆ’ಗಳಿಗೆ ನಿಘಂಟಿನಲ್ಲಿ ಹಿಡಿಸುವಂಥ ಅರ್ಥವಿಲ್ಲ. ತೆಗೆದುಹಾಕಿದರೂ ಸಂಗತಿ ತಿಳಿಯುತ್ತದೆ, ಆದರೆ ಆ ಹಿರಿಯಳ ಹುಬ್ಬು ಗಂಟಿಕ್ಕುತ್ತದೆ.

ವರ್ಣಮಾಲೆಯಲ್ಲಿ ಕಲಿತು ಆಮೇಲೆ ನಾವು ಹೆಚ್ಚುಕಡಿಮೆ ಮರೆತೇಬಿಡುವ ಞಕಾರ ಇಲ್ಲಿ ಸರಿಯಾಗಿ ಕೆಲಸಕ್ಕೆ ಬರುತ್ತದೆ, ಆ ಉಚ್ಚಾರ ಅದೇ. ‘ಞೇ’ಯನ್ನು ಸ್ವರ ಏರಿಸಿ ಹೇಳಬೇಕು. ವಿಯೆಟ್ನಾಮಿ ಭಾಷೆಯಲ್ಲಿ ಪ್ರತಿ ಅಕ್ಷರಕ್ಕೂ ದನಿಯ ಏರಿಳಿತದ ತನ್ನದೇ ಸ್ವರವಿದೆ, ಉತ್ತರ ವಿಯೆಟ್ನಾಮಿನ ಉಚ್ಚಾರದಲ್ಲಿ ಅಂಥವು 6. ಸ್ವರ ಬದಲಾದರೆ ಪದವೇ ಬದಲಾಗುತ್ತದೆ. ‘ಬಾರೋ’ ಎನ್ನುವುದನ್ನು ನಾವು ಒಮ್ಮೆ ಮುದ್ದಾಗಿ, ಒಮ್ಮೆ ಗದರಿ ಹೇಳುವ ಹಾಗೆ ರಾಗ ಎಳೆಯುವುದು ಅಲ್ಲಿ ಅಷ್ಟು ಸಲೀಸಲ್ಲ. ಕ್ರಿಯಾಪದಕ್ಕೂ ‘ಬಾ, ಬನ್ನಿ’ ಎಂಬ ಭೇದವಿಲ್ಲ. ಹಾಗಾಗಿ ದನಿಯ ಮೆತುವು, ಸಲಿಗೆ, ಮರ್ಯಾದೆಗಳ ದೊಡ್ಡ ಪಾಲನ್ನು ಸಂಬಂಧವಾಚಕಗಳೂ ವಾಕ್ಯದ ಕೊನೆಯ ಈ ಪುಟ್ಟ ಪದಗಳೂ ಹಂಚಿಕೊಳ್ಳುತ್ತವೆ.

ಮೇಲಿನ ಸಂದೇಶಕ್ಕೆ ಅನುವಾದಕರು ಥಟ್ಟನೆ ಬರೆಯುವುದು ‘ದಯವಿಟ್ಟು ಇದನ್ನು ಪರಿಶೀಲಿಸಿ, ಧನ್ಯವಾದಗಳು’ ಎಂದು. ತಪ್ಪು ಇರುವುದು ‘ದಯವಿಟ್ಟು’ವಿನಲ್ಲಿ. ಅದು ಬಸ್ಸಿನ ಫಲಕದ, ರೈಲು ನಿಲ್ದಾಣದ ಘೋಷಣೆಯ ಮಾತು. ವಿಯೆಟ್ನಾಮಿಯಲ್ಲೂ ಅಂಥ ಫಲಕಗಳಿಗೆ ‘ವುಯ್ ಲೋಂಗ್’ ಎಂಬ ಬೇರೆ ಪದವೇ ಇದೆ, ಅದು ಕಂಡಲ್ಲಿ ‘ದಯವಿಟ್ಟು’ ಧಾರಾಳವಾಗಿ ಹಾಕಬಹುದು. ‘ಞೇ’ ಬೇಡಿಕೊಳ್ಳುವ ಮಾತಲ್ಲ. ‘ನೀವು ಒಲ್ಲೆ ಅನ್ನುವುದಿಲ್ಲ ಅಂತ ನನಗೆ ಗೊತ್ತು, ಆದರೂ ನಿಮ್ಮ ಒಪ್ಪಿಗೆಗೆ ಒಂದು ಜಾಗ ಬಿಟ್ಟಿದ್ದೇನೆ’ ಎನ್ನುವ ಭಾವ ಅದರದು.

ಈ ಭಾವವನ್ನು ಕನ್ನಡ ವಾಕ್ಯದ ಕೊನೆಯಲ್ಲೇ ಇಡಬೇಕೆಂದಿಲ್ಲ. ‘ಇದೊಂಚೂರು ನೋಡಿಕೊಡಿ ಅಕ್ಕಾ’ ಎಂದರೆ ‘ಞೇ’ಯ ಪಾಲು ‘ಒಂಚೂರು’ವಿಗೆ ಹೋಯಿತು, ‘ಜುಪ್’ ಎಂಬ ಸಹಾಯ ‘ಕೊಡಿ’ಯಲ್ಲಿ ಸೇರಿತು, ‘ಆ’ಯ ಮರ್ಯಾದೆಯನ್ನು ಬಹುವಚನ ಹೊತ್ತಿತು. ಎರಡನೆಯ ವಾಕ್ಯಕ್ಕೆ ‘ಥ್ಯಾಂಕ್ಸ್ ಅಕ್ಕಾ’ ಸಾಕು. ‘ನೋಡಿಕೊಡ್ತೀರಾ?’ ಎಂದು ಪ್ರಶ್ನೆ ಮಾಡಿದರೆ ಕೆಡುವುದೇನಿಲ್ಲ, ಆದರೆ ಮೂಲಕ್ಕಿಂತ ಸಂಕೋಚ ಒಂದು ತೂಕ ಹೆಚ್ಚಾಗುತ್ತದೆ. ‘ಞೇ’ ಬಂದಲ್ಲೆಲ್ಲ ‘ಸರಿಯೇ?’, ‘ಆಯ್ತಾ?’ ಎಂದು ಅಂಟಿಸುವುದು ಇನ್ನೊಂದು ಅಭ್ಯಾಸ. ಒಂದು ಪುಟದಲ್ಲಿ ಅದು ಐದಾರು ಸಲ ಬಂದರೆ ಪಾತ್ರಗಳೆಲ್ಲ ಶಾಲೆಯ ಮೇಷ್ಟ್ರಾಗುತ್ತಾರೆ. ‘ನಾಳೆ ತಡವಾಗಿ ಬರ್ತೀನಿ’ ಎಂದು ಅಮ್ಮನಿಗೆ ಮೊದಲೇ ಹೇಳಿಡುವಾಗ ‘ಆಯ್ತಾಮ್ಮಾ?’ ಚೆನ್ನ. ಹೊರಡುವಾಗ ಹೇಳುವ ‘ಎಮ್ ವೇ ಞೇ’ಗೆ ಮಾತ್ರ ಅದು ಸಲ್ಲದು. ಮೂಲದಲ್ಲಿರುವುದು ಮನೆಗೆ ಹಿಂದಿರುಗುವ ಮಾತು, ಕನ್ನಡದಲ್ಲಿ ‘ಬರ್ತೀನಿ’ ಎಂದುಬಿಟ್ಟರೆ ಮುಗಿಯಿತು. ಹೋಗುವಾಗಲೂ ‘ಬರ್ತೀನಿ’ ಎನ್ನುವ ನಮ್ಮ ಪದ್ಧತಿಯಲ್ಲೇ ಆ ಅಕ್ಕರೆ ಕೂತಿದೆ.

ಅದೇ ‘ಞೇ’ ಎಚ್ಚರಿಕೆಯ ಮಾತಿಗೂ ಅಂಟುತ್ತದೆ. ‘ತಮಾಷೆ ಮಾಡ್ಬೇಡ’ ಎಂಬುದರ ಮುಂದೆ ಬಂದರೆ ಅಲ್ಲಿ ಬೆಚ್ಚನೆಯದೇನೂ ಇಲ್ಲ, ‘ಹೇಳಿರ್ತೀನಿ ನೋಡು’ ಎಂಬ ಬಿಗುವಿದೆ. ಹಿಂದಿನ ಕ್ರಿಯಾಪದ ನೋಡಿದರೆ ಹೆಚ್ಚಾಗಿ ಗುರುತು ಸಿಗುತ್ತದೆ: ಮಾಡು ಎನ್ನುವ ಕೆಲಸವೋ, ಬೇಡವೆಂದು ತಡೆಯುವುದೋ.

ಇನ್ನು ‘ಆ’. ಅನುವಾದದಲ್ಲಿ ಹೆಚ್ಚು ಕೆಡುವುದು ಇದೇ. ಹಿರಿಯರೊಡನೆ, ಗ್ರಾಹಕರೊಡನೆ, ಮೇಲಧಿಕಾರಿಯೊಡನೆ ಆಡುವ ಮಾತಿನ ಕೊನೆಗೆ ಉತ್ತರದವರು ಇದನ್ನು ಸೇರಿಸುತ್ತಾರೆ. ಮರ್ಯಾದೆ ಎಂದರೆ ಬಹುವಚನ ಎಂದು ನಾವು ಲೆಕ್ಕ ಹಾಕುತ್ತೇವೆ. ಕಚೇರಿಯಲ್ಲಿ, ಅಂಗಡಿಯಲ್ಲಿ ಆ ಲೆಕ್ಕ ಸರಿಹೋಗುತ್ತದೆ, ಅಡುಗೆಮನೆಯಲ್ಲಿ ಕೆಡುತ್ತದೆ. ಅಜ್ಜಿ ‘ತಿನ್ನು’ ಅಂದಾಗ ಮೊಮ್ಮಗ ‘ಚಾವ್ ಅನ್ ಜೋಯ್ ಆ’ ಎನ್ನುತ್ತಾನೆ, ಅಂದರೆ ‘ನಾನು ತಿಂದಾಯ್ತು’. ಅಲ್ಲಿ ಮಕ್ಕಳು ಅಜ್ಜಿಗೂ ಅಮ್ಮನಿಗೂ ‘ಆ’ ಹಚ್ಚುವುದು ಕಲಿತು ಬಂದ ನಡವಳಿಕೆ, ಅದರಲ್ಲಿ ದೂರವಿಲ್ಲ. ನಮ್ಮ ಬಹಳಷ್ಟು ಮನೆಗಳಲ್ಲಿ ಅಮ್ಮನೂ ಅಜ್ಜಿಯೂ ‘ನೀನು’. ಅದೇ ಮೊಮ್ಮಗ ‘ಅಜ್ಜಿ ನೀವು ತಿನ್ನಿ’ ಎಂದರೆ ಮನೆಯೊಳಗೆ ಯಾರೋ ನೆಂಟರು ಬಂದ ಹಾಗಾಗುತ್ತದೆ. ಇಲ್ಲಿ ‘ಆ’ಯನ್ನು ಕ್ರಿಯಾಪದದಿಂದ ಬಿಡಿಸಿ ಕರೆಯುವ ಮಾತಿಗೆ ಸಾಗಿಸಬೇಕು: ‘ಆಯ್ತಜ್ಜೀ ನಂದು.’ ಸಂಬಂಧ ಹಿಡಿದು ಕರೆದು ಉತ್ತರಿಸುವುದೇ ಕನ್ನಡ ಮಗುವಿನ ವಿನಯ. ಅಪ್ಪನಿಗೆ ಬಹುವಚನ ಬಳಸುವ ಮನೆಗಳೂ ಇವೆ. ಆದ್ದರಿಂದ ಪುಸ್ತಕ ಶುರುಮಾಡುವ ಮೊದಲೇ ಯಾರು ಯಾರಿಗೆ ‘ನೀನು’, ಯಾರಿಗೆ ‘ನೀವು’ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು ಅಗತ್ಯ. ಹತ್ತನೆಯ ಅಧ್ಯಾಯದಲ್ಲಿ ಮನಸ್ಸು ಬದಲಾಯಿಸಿದರೆ ಹಿಂದಿನದೆಲ್ಲ ತಿದ್ದಬೇಕಾಗುತ್ತದೆ.

ಈ ‘ಆ’ಗೆ ಒಂದು ಜೋಡಿಯೂ ಇದೆ. ಬರಹದಲ್ಲಿ ಅಕ್ಷರದ ಕೆಳಗೆ ಚುಕ್ಕೆ ಇದ್ದರೆ ಅದು ವಿನಯದ್ದು. ಅಕ್ಷರದ ಮೇಲೆ ಎಡದಿಂದ ಬಲಕ್ಕೆ ಇಳಿಯುವ ಗೀರು ಇದ್ದರೆ ಅದು ಸಲಿಗೆಯ ಪ್ರಶ್ನೆ. ‘ಹೊರಟೆಯಾ?’ ಎಂದು ಸರೀಕರನ್ನು ಕೇಳಲು ಗೀರಿನದು ಬರುತ್ತದೆ, ‘ಹೊರಟಿರಾ?’ ಎಂದು ಹಿರಿಯರನ್ನು ಕೇಳಲು ಚುಕ್ಕೆಯದು. ಫೋನಿನಲ್ಲಿ ಅವಸರಕ್ಕೆ ಚುಕ್ಕೆ, ಗೀರು ಎರಡನ್ನೂ ಬಿಟ್ಟು ಬರೆದ ಸಂದೇಶದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಆಗ ವಾಕ್ಯದ ಮೊದಲ ಪದವೇ ದಾರಿ: ಹೇಳುವವರು ತಮ್ಮನ್ನು ‘ಎಮ್’, ‘ಚಾವ್’ ಎಂದು ಕಿರಿಯರಾಗಿ ಕರೆದುಕೊಂಡಿದ್ದರೆ ಚುಕ್ಕೆ ಎಂದೇ ಓದುವುದು ಸುರಕ್ಷಿತ.

ಅಜ್ಜಿ ‘ತಿನ್ನು’ ಎನ್ನುವಾಗ ಹೇಳುವ ‘ಅನ್ ದಿ’ಯಲ್ಲೂ ಹೊಸಬರು ಎಡವುತ್ತಾರೆ. ‘ದಿ’ ಎಂದರೆ ಹೋಗು. ಆದರೆ ವಾಕ್ಯದ ಕೊನೆಯಲ್ಲಿ ಅದು ಒತ್ತಾಯದ ಮಾತು, ‘ತಿಂದು ಹೋಗು’ ಅಲ್ಲ. ಇದಕ್ಕೆ ನಮ್ಮಲ್ಲಿ ಒಳ್ಳೆಯ ಉಪಾಯವಿದೆ, ಎರಡು ಸಲ ಹೇಳುವುದು: ‘ತಿನ್ನಪ್ಪಾ, ತಿನ್ನು.’ ಮುಂದೆ ಅಜ್ಜಿ ‘ಇನ್ನೂ ಸ್ವಲ್ಪ’ ಎಂದು ‘ಞೇ’ ಸೇರಿಸಿದರೆ ‘ಇನ್ನೊಂದೇ ಒಂದು ತುತ್ತು’ ಎಂದರಾಯಿತು. ‘ವೋಯ್’ ಕೂಡ ಹೀಗೇ. ಪದಶಃ ‘ಜೊತೆಗೆ’, ಕೊನೆಯಲ್ಲಿ ಬಂದರೆ ಮೊರೆ. ಓಡುತ್ತ ಬರುವ ತಂಗಿ ‘ಚಅ ಎಮ್ ವೋಯ್’ ಎಂದು ಕೂಗಿದರೆ ‘ನನ್ನ ಜೊತೆ ಕಾಯಿ’ ಅಲ್ಲ, ‘ನಿಲ್ಲೋ, ನಾನೂ ಬಂದೆ!’

ದಕ್ಷಿಣದಲ್ಲಿ, ಸೈಗಾನ್ ಕಡೆ, ‘ಞೇ’ಯ ಜಾಗದಲ್ಲಿ ‘ಞಾ’ ಕೇಳಿಬರುತ್ತದೆ. ಅಲ್ಲಿನ ಪಾತ್ರದ ಬಾಯಲ್ಲಿ ‘ಮಾರಾಯ’ ಹಾಕಿದರೆ ಓದುಗರಿಗೆ ಕಾಣುವುದು ಮಂಗಳೂರು, ‘ಬರ್ರಿ’ ಎಂದರೆ ಹುಬ್ಬಳ್ಳಿ. ಉತ್ತರದವನ ಮಾತನ್ನು ಸ್ವಲ್ಪ ಗ್ರಾಂಥಿಕವಾಗಿ, ದಕ್ಷಿಣದವನದನ್ನು ‘ಮಾಡ್ತೀನಿ, ಬಿಡಿ’ ಎಂಬಷ್ಟು ಆಡುಮಾತಾಗಿ ಇಟ್ಟರೆ ಊರು ಬದಲಾಗದೆ ವ್ಯತ್ಯಾಸ ಉಳಿಯುತ್ತದೆ.