ಮಾತ್ರೆ ಬೇಕೋ ಬೇಡವೋ: ಕ್ಯಾಲ್ಸಿಯಂ ಸ್ಕೋರ್ ನಡೆದುಬಂದ ದಾರಿ

ಮುಂಬಯಿಯಲ್ಲಿ ಐವತ್ತು ದಾಟಿದ ನಮ್ಮವರು ನಾಲ್ಕು ಜನ ಸೇರಿದರೆ ಮಾತು ಶುಗರ್, ಬಿ.ಪಿ., ಸ್ಟೆಂಟಿಗೆ ಬಂದೇ ಬರುತ್ತದೆ. ಈಚೆಗೆ ಆ ಸಾಲಿಗೆ ಇನ್ನೊಂದು ಸೇರಿಕೊಂಡಿದೆ. ‘ನಂದು ಸೊನ್ನೆ ಮಾರಾಯ’ ಎಂದು ಒಬ್ಬರು ಎದೆಯುಬ್ಬಿಸುತ್ತಾರೆ, ‘ನಂದು ಇನ್ನೂರು’ ಎಂದು ಇನ್ನೊಬ್ಬರು ಮುಖ ಸಣ್ಣದು ಮಾಡುತ್ತಾರೆ. ಇದು ಹೃದಯದ ರಕ್ತನಾಳಗಳಲ್ಲಿ ಕಟ್ಟಿದ ಸುಣ್ಣದ ಲೆಕ್ಕ, ಅಂದರೆ ಕ್ಯಾಲ್ಸಿಯಂ ಸ್ಕೋರ್. ಹಾಲು ಎಷ್ಟು ಕುಡಿಯುತ್ತೀರಿ, ಮೂಳೆ ಎಷ್ಟು ಗಟ್ಟಿ ಎಂಬುದನ್ನು ಈ ಅಂಕಿ ಅಳೆಯುವುದಿಲ್ಲ. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕೂತು, ಗಾಯವಾಗಿ, ಮಾಯುತ್ತಾ ಬಂದ ಜಾಗದಲ್ಲಿ ಈ ಸುಣ್ಣ ಗಟ್ಟಿಯಾಗುತ್ತದೆ. ಸುಣ್ಣ ಕಂಡರೆ ಅಲ್ಲಿ ರೋಗ ಇದೆ ಎಂದೇ ಅರ್ಥ. ನಾಳ ಎಷ್ಟು ಮುಚ್ಚಿದೆ ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ.

ಒಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಡೊಂಬಿವಲಿಯ ಶೆಟ್ಟರು ಅಂತಿಟ್ಟುಕೊಳ್ಳಿ. ವಯಸ್ಸು 54, ಫೋರ್ಟಿನ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಸಿಗರೇಟಿಲ್ಲ, ಶುಗರ್ ಇಲ್ಲ. ಒಟ್ಟು ಕೊಲೆಸ್ಟರಾಲ್ 208, ಒಳ್ಳೆಯದೆನ್ನುವ ಎಚ್‌ಡಿಎಲ್ 40, ಕೆಟ್ಟದೆನ್ನುವ ಎಲ್‌ಡಿಎಲ್ 135, ಬಿ.ಪಿ. ಮೇಲಿನದು 128. ಅಮೆರಿಕದ ಹೃದ್ರೋಗ ಸಂಸ್ಥೆಗಳು 2013ರಲ್ಲಿ ಕೊಟ್ಟ ಲೆಕ್ಕಾಚಾರಕ್ಕೆ ಈ ಅಂಕಿಗಳನ್ನು ಹಾಕಿದರೆ, ಹತ್ತು ವರ್ಷದಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಬರುವ ಸಾಧ್ಯತೆ ಸುಮಾರು 6.5% ಎಂದು ಬರುತ್ತದೆ. ಅವರ ಆಗಿನ ಮಾರ್ಗಸೂಚಿಯಂತೆ 5%ಕ್ಕಿಂತ ಕಡಿಮೆಯಾದರೆ ಮಾತ್ರೆ ಬೇಡ, 7.5% ದಾಟಿದರೆ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಬಗ್ಗೆ ಗಂಭೀರವಾಗಿ ಮಾತಾಡಿ. ಶೆಟ್ಟರು ನಡುವೆ ಸಿಕ್ಕಿಬಿದ್ದಿದ್ದಾರೆ. ‘ಶುರು ಮಾಡಿದ್ರೆ ಜೀವನಪೂರ್ತಿ ತಗೋಬೇಕಲ್ವಾ ಡಾಕ್ಟ್ರೇ?’ ಎಂಬುದು ಅವರ ಪ್ರಶ್ನೆ. ಆ ಲೆಕ್ಕಾಚಾರವೋ ಅಮೆರಿಕದ ಬಿಳಿಯರು ಮತ್ತು ಕರಿಯರ ಮಾಹಿತಿಯಿಂದ ಮಾಡಿದ್ದು. ನಮ್ಮ ಕಡೆಯವರ ಅಪಾಯವನ್ನು ಅದು ಕಡಿಮೆ ತೋರಿಸಬಹುದು.

ಕ್ಯಾಲ್ಸಿಯಂ ಸ್ಕೋರ್ ಇಂಥವರಿಗಾಗಿ ಹುಟ್ಟಿದ ಪರೀಕ್ಷೆಯಲ್ಲ. 1980ರ ದಶಕದಲ್ಲಿ ಎಲೆಕ್ಟ್ರಾನ್ ಬೀಮ್ ಸಿಟಿ ಎಂಬ ಯಂತ್ರ ಬಂತು. ಬಡಿಯುವ ಹೃದಯದ ಚಿತ್ರವನ್ನೂ ಮಸುಕಾಗದಂತೆ ತೆಗೆಯುವಷ್ಟು ವೇಗ ಅದಕ್ಕಿತ್ತು. ಫ್ಲಾರಿಡಾದ ಮಯಾಮಿ ಬೀಚ್‌ನ ಹೃದ್ರೋಗ ವೈದ್ಯ ಆರ್ಥರ್ ಅಗಾಟ್‌ಸ್ಟನ್ ಮತ್ತು ರೇಡಿಯಾಲಜಿಸ್ಟ್ ವಾರನ್ ಜಾನೊವಿಟ್ಜ್ ಅದರಲ್ಲಿ ಕಾಣುವ ಸುಣ್ಣಕ್ಕೆ ಅಂಕ ಕೊಡುವ ವಿಧಾನವನ್ನು 1990ರಲ್ಲಿ ಪ್ರಕಟಿಸಿದರು. ಇವತ್ತಿಗೂ ರಿಪೋರ್ಟಿನಲ್ಲಿ ‘ಅಗಾಟ್‌ಸ್ಟನ್ ಸ್ಕೋರ್’ ಎಂದೇ ಬರೆದಿರುತ್ತದೆ.

ವಿಧಾನ ಸರಳ. ಚಿತ್ರದಲ್ಲಿ ಸಾಂದ್ರತೆ 130 ಹೌನ್ಸ್‌ಫೀಲ್ಡ್ ಯೂನಿಟ್ ಮುಟ್ಟಿದರೆ ಅದು ಸುಣ್ಣ. ಆ ಚುಕ್ಕೆಯ ವಿಸ್ತೀರ್ಣವನ್ನು ಅಳೆದು ಒಂದು ಗುಣಕದಿಂದ ಗುಣಿಸಬೇಕು. ಚುಕ್ಕೆಯ ಅತಿ ಗಟ್ಟಿ ಭಾಗ 130ರಿಂದ 199 ಇದ್ದರೆ ಗುಣಕ 1, 200ರ ಮೇಲೆ 2, 300ರ ಮೇಲೆ 3, 400 ಮುಟ್ಟಿದರೆ 4. ನಮ್ಮ ಶೆಟ್ಟರ ಎದುರು ಭಾಗದ ನಾಳದಲ್ಲಿ ಮೂರು ಕಡೆ ಸುಣ್ಣ ಕಂಡಿತು ಅನ್ನಿ. 6 ಚದರ ಮಿ.ಮೀ., ಸಾಂದ್ರತೆ 320: ಅಂಕ 18. 8 ಚದರ ಮಿ.ಮೀ., 410: ಅಂಕ 32. 5 ಚದರ ಮಿ.ಮೀ., 240: ಅಂಕ 10. ಬಲಗಡೆಯ ನಾಳದಲ್ಲಿ ಇನ್ನೊಂದು ಚಿಕ್ಕದು, 4 ಚದರ ಮಿ.ಮೀ., 180: ಅಂಕ 4. ಎಲ್ಲ ಕೂಡಿಸಿದರೆ 64.

ಈಗ ಇದನ್ನು ಮಾಮೂಲಿ ಸಿಟಿ ಯಂತ್ರದಲ್ಲೇ ಮಾಡುತ್ತಾರೆ. ಇಂಜೆಕ್ಷನ್ ಇಲ್ಲ. ಎದೆಗೆ ಇಸಿಜಿ ತಂತಿ ಅಂಟಿಸಿ, ಕೆಲವು ಸೆಕೆಂಡು ಉಸಿರು ಹಿಡಿಯಲು ಹೇಳಿ, ಹೃದಯ ಎರಡು ಬಡಿತದ ನಡುವೆ ಸಡಿಲವಾದ ಗಳಿಗೆಯಲ್ಲಿ ಚಿತ್ರ ತೆಗೆಯುತ್ತಾರೆ. ವಿಕಿರಣ ಸುಮಾರು 1 ಮಿಲಿಸೀವರ್ಟ್. ಉಸಿರು ಬಿಟ್ಟರೆ, ಬಡಿತ ಏರುಪೇರಾದರೆ ಚಿತ್ರ ಮಸುಕಾಗಿ ಅಂಕ ತಪ್ಪುತ್ತದೆ.

ಅಗಾಟ್‌ಸ್ಟನ್ ಲೇಖನದ ನಂತರದ ಹತ್ತು ವರ್ಷ ಈ ಪರೀಕ್ಷೆಗೆ ಅಷ್ಟು ಒಳ್ಳೆಯ ಹೆಸರು ತರಲಿಲ್ಲ. ಅಮೆರಿಕದಲ್ಲಿ ಸ್ಕ್ಯಾನ್ ಕೇಂದ್ರಗಳು ಜಾಹೀರಾತು ಕೊಟ್ಟು ಜನರನ್ನು ನೇರವಾಗಿ ಕರೆದವು. ಅಂಕಿ ಸಿಗುತ್ತಿತ್ತು, ಅದನ್ನಿಟ್ಟುಕೊಂಡು ಏನು ಮಾಡಬೇಕೆಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಲಕ್ಷಣವಿಲ್ಲದವರಿಗೆ ಸುಮ್ನೆ ಈ ಸ್ಕ್ಯಾನ್ ಬೇಡ ಎಂದು ಅಲ್ಲಿನ ಹೃದ್ರೋಗ ಸಂಸ್ಥೆಗಳು 2000ದಲ್ಲಿ ಹೇಳಿದವು. ನಮ್ಮ ‘ಫುಲ್ ಬಾಡಿ ಪ್ಯಾಕೇಜ್’ಗಳನ್ನು ನೋಡಿದರೆ ಆ ಕಾಲವೇ ನೆನಪಾಗುತ್ತದೆ.

ಅದೇ 2000ದಲ್ಲಿ ಅಮೆರಿಕದಲ್ಲಿ ಶುರುವಾದ ‘ಮೆಸಾ’ ಅಧ್ಯಯನ ಚಿತ್ರವನ್ನು ಬದಲಿಸಿತು. ಹೃದ್ರೋಗವಿಲ್ಲದ, 45ರಿಂದ 84 ವಯಸ್ಸಿನ ಸುಮಾರು 6,800 ಜನರಿಗೆ ಸ್ಕ್ಯಾನ್ ಮಾಡಿ, ವರ್ಷಗಟ್ಟಲೆ ಹಿಂಬಾಲಿಸಿದರು. 2008ರ ವರದಿಯಲ್ಲಿ, ಸ್ಕೋರ್ 100 ದಾಟಿದವರಿಗೆ ಸೊನ್ನೆಯವರಿಗಿಂತ ಏಳು ಪಟ್ಟಿಗೂ ಜಾಸ್ತಿ ಅಪಾಯ ಕಂಡಿತು. ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು 2015ರಲ್ಲಿ ಬಂತು. 2013ರ ಮಾರ್ಗಸೂಚಿಯ ಪ್ರಕಾರ ಸ್ಟ್ಯಾಟಿನ್ ಕೊಡಬೇಕಾದ ಅಥವಾ ಕೊಡಬಹುದಾದವರಲ್ಲಿ 44% ಜನರ ಸ್ಕೋರ್ ಸೊನ್ನೆ ಇತ್ತು. ಶೆಟ್ಟರಂತೆ ‘ಕೊಟ್ಟರೂ ಕೊಡಬಹುದು’ ಎನ್ನುವ ಗುಂಪಿನಲ್ಲಂತೂ ಅರ್ಧಕ್ಕಿಂತ ಜಾಸ್ತಿ. ಅವರಿಗೆ ಹೃದಯಾಘಾತಗಳು ಬಹಳ ಕಡಿಮೆ ಆಗಿದ್ದವು. ರೋಗ ಹುಡುಕಲು ಹುಟ್ಟಿದ ಪರೀಕ್ಷೆ ಮಾತ್ರೆ ಯಾರಿಗೆ ಬೇಡ ಎಂದು ಹೇಳುವುದರಲ್ಲಿ ಹೆಚ್ಚು ಉಪಯೋಗಕ್ಕೆ ಬಂತು.

ಅದೇ ಸಂಸ್ಥೆಗಳ 2018ರ ಮಾರ್ಗಸೂಚಿ ಇದನ್ನು ಒಪ್ಪಿಕೊಂಡಿತು. ತೀರ್ಮಾನ ತೂಗುಯ್ಯಾಲೆಯಲ್ಲಿದ್ದರೆ ಸ್ಕ್ಯಾನ್ ಮಾಡಿ. ಸೊನ್ನೆ ಬಂದರೆ ಮಾತ್ರೆ ಮುಂದೂಡಿ, 5ರಿಂದ 10 ವರ್ಷದ ನಂತರ ಮತ್ತೆ ನೋಡಿ. 100 ಮುಟ್ಟಿದರೆ, ಅಥವಾ ತನ್ನ ವಯಸ್ಸಿನ ನೂರು ಜನರಲ್ಲಿ 75 ಜನರಿಗಿಂತ ಮೇಲಿದ್ದರೆ, ಶುರು ಮಾಡಿ. 1ರಿಂದ 99ರೊಳಗಾದರೆ ಮಾತ್ರೆಯ ಕಡೆಗೆ ವಾಲಿ, ಅದರಲ್ಲೂ 55 ದಾಟಿದ್ದರೆ.

ಶೆಟ್ಟರ 64 ಇಲ್ಲೂ ನಡುವೆಯೇ ಸಿಕ್ಕಿತು. ವಯಸ್ಸು 55ಕ್ಕೆ ಒಂದು ವರ್ಷ ಕಡಿಮೆ. ವಯಸ್ಸಿಗೆ ಹೋಲಿಸೋಣ ಎಂದರೆ, ಮೆಸಾದಲ್ಲಿ ಬಿಳಿಯರು, ಕರಿಯರು, ಹಿಸ್ಪಾನಿಕ್ ಮತ್ತು ಚೀನಾ ಮೂಲದವರಿದ್ದರು, ದಕ್ಷಿಣ ಏಷ್ಯಾದವರು ಇರಲಿಲ್ಲ. ಅಮೆರಿಕದಲ್ಲಿರುವ ನಮ್ಮವರ ಮೇಲೆ 2010ರಲ್ಲಿ ಶುರುವಾದ ‘ಮಸಾಲಾ’ ಅಧ್ಯಯನದಲ್ಲಿ (ಹೆಸರು ಇಟ್ಟವರು ರಸಿಕರು) ನಮ್ಮ ಗಂಡಸರ ಸುಣ್ಣ ಬಿಳಿಯರಷ್ಟೇ ಕಂಡಿತು. ಜೊತೆಗೆ ದಕ್ಷಿಣ ಏಷ್ಯಾ ಮೂಲವನ್ನೇ ಅಪಾಯ ಹೆಚ್ಚಿಸುವ ಸಂಗತಿ ಎಂದು 2018ರ ಮಾರ್ಗಸೂಚಿ ಎಣಿಸಿತು. ಇದನ್ನೆಲ್ಲ ಮುಂದಿಟ್ಟರೆ ಹೆಚ್ಚಿನ ವೈದ್ಯರು ಎಲ್‌ಡಿಎಲ್ ಅನ್ನು 30ರಿಂದ 49% ಇಳಿಸುವ ಮಧ್ಯಮ ಡೋಸಿನ ಸ್ಟ್ಯಾಟಿನ್ ಬರೆದಾರು. ಸ್ಕ್ಯಾನ್ ನೋಡಿ ಮಾತ್ರೆ ಕೊಟ್ಟರೆ ಸಾವು ತಪ್ಪುತ್ತದೆ ಎಂದು ದೊಡ್ಡ ಪ್ರಯೋಗದಿಂದ ಖಚಿತವಾಗಿದೆಯೇ ಎಂದು ಶೆಟ್ಟರು ಕೇಳಿದರೆ, ಇನ್ನೂ ಇಲ್ಲ ಎಂಬುದೇ ಪ್ರಾಮಾಣಿಕ ಉತ್ತರ. 2005ರ ಸೇಂಟ್ ಫ್ರಾನ್ಸಿಸ್ ಪ್ರಯೋಗದಲ್ಲಿ ಲಾಭ ಸ್ಪಷ್ಟವಾಗಿ ಸಾಬೀತಾಗಲಿಲ್ಲ.

ಮಾತ್ರೆ ಶುರುವಾದ ಮೇಲೆ ಎರಡು ವರ್ಷಕ್ಕೊಮ್ಮೆ ಮತ್ತೆ ಸ್ಕ್ಯಾನ್ ಮಾಡಿಸುವವರಿದ್ದಾರೆ. ಅಲ್ಲಿ 64 ಇದ್ದದ್ದು 90 ಆಗಿದ್ದರೆ ಗಾಬರಿ! ಸ್ಟ್ಯಾಟಿನ್ ಮೆತ್ತನೆಯ ಕೊಬ್ಬನ್ನು ಗಟ್ಟಿ ಮಾಡುತ್ತದೆ, ಗಟ್ಟಿಯಾದದ್ದಕ್ಕೆ ಅಗಾಟ್‌ಸ್ಟನ್ ಗುಣಕ ಜಾಸ್ತಿ. ಹಾಗಾಗಿ ಮದ್ದು ಕೆಲಸ ಮಾಡಿದರೂ ಅಂಕ ಏರಬಹುದು. ಸುಣ್ಣದ ಪ್ರಮಾಣ ಅಷ್ಟೇ ಇದ್ದು ಸಾಂದ್ರತೆ ಹೆಚ್ಚಿದ್ದರೆ ಅಪಾಯ ಕಡಿಮೆ ಎಂದು ಮೆಸಾದವರೇ 2014ರಲ್ಲಿ ತೋರಿಸಿದರು. 1990ರ ಸೂತ್ರ ಇದನ್ನು ತಲೆಕೆಳಗಾಗಿ ಎಣಿಸುತ್ತದೆ. ಮಾತ್ರೆ ಹಿಡಿದಿದೆಯೇ ಎಂದು ತಿಳಿಯಲು ಎಲ್‌ಡಿಎಲ್ ನೋಡಿದರೆ ಸಾಕು.

ಶೆಟ್ಟರಿಗೆ ಪುಣೆಯಲ್ಲಿ 41 ವರ್ಷದ ತಮ್ಮನಿದ್ದಾನೆ ಅನ್ನಿ. ದಿನಕ್ಕೆ ಒಂದು ಪ್ಯಾಕ್ ಸಿಗರೇಟು. ‘ನಾನೂ ಮಾಡಿಸ್ತೇನೆ, ಸೊನ್ನೆ ಬಂದ್ರೆ ಆಯ್ತಲ್ಲ’ ಎನ್ನುತ್ತಾನೆ. ಅವನಿಗೆ ಸೊನ್ನೆ ಬರುವ ಸಾಧ್ಯತೆಯೇ ಜಾಸ್ತಿ. ಆದರೆ ಈ ವಯಸ್ಸಿನಲ್ಲಿ ಒಡೆದು ಆಘಾತ ತರುವುದು ಹೆಚ್ಚಾಗಿ ಸುಣ್ಣಗಟ್ಟದ ಮೆತ್ತನೆಯ ಕೊಬ್ಬು. ಈ ಸ್ಕ್ಯಾನಿಗೆ ಅದು ಕಾಣುವುದೇ ಇಲ್ಲ. ಅದಕ್ಕೇ ಸಿಗರೇಟು ಸೇದುವವರು, ಶುಗರ್ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಕಂಡವರು ಸೊನ್ನೆಯನ್ನು ನಂಬಿ ಮಾತ್ರೆ ಮುಂದೂಡುವಂತಿಲ್ಲ ಎಂದು 2018ರ ಮಾರ್ಗಸೂಚಿ ಬಿಡಿಸಿ ಹೇಳಿದೆ. ನಾಳೆ ಅವನಿಗೆ ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾದರೆ ಕೈಯಲ್ಲಿರುವ ಸೊನ್ನೆಯ ರಿಪೋರ್ಟನ್ನು ಬದಿಗಿಟ್ಟು ನೇರ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಇಸಿಜಿ ಮತ್ತು ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ರಕ್ತದಲ್ಲಿ ನೋಡುವ ಟ್ರೋಪೋನಿನ್ ಪರೀಕ್ಷೆ ಮಾಡಿಯೇ ನೋಡುತ್ತಾರೆ.